ಬಾವು ಬಂದ ಬಿಸಿ ಪಾದ: ಸೋಂಕೋ, ಶಾರ್ಕೋ?

ನರ ಮರಗಟ್ಟಿದ ಪಾದ ಬಾತು ಬಿಸಿಯಾಗಿ, ಒಳಗೆ ಎಲುಬು, ಕೀಲು ಹೆಚ್ಚು ನೋವಿಲ್ಲದೆ ಕುಸಿಯುವುದೇ ಶಾರ್ಕೋ ಪಾದ. ಹುಬ್ಬಳ್ಳಿಯ ನಮ್ಮ ಪಾದ ಚಿಕಿತ್ಸಾ ವಿಭಾಗಕ್ಕೆ ಬರುವ ಶಾರ್ಕೋ ಪಾದದವರು ಹೆಚ್ಚಾಗಿ ಆಂಟಿಬಯಾಟಿಕ್ ಚೀಟಿ ಹಿಡಿದೇ ಬರುತ್ತಾರೆ. ನವಲಗುಂದ ಕಡೆಯ ರೈತರೊಬ್ಬರನ್ನೇ ನೋಡಿ. ಹಲವು ವರ್ಷಗಳ ಸಕ್ಕರೆ ಕಾಯಿಲೆ, ಮೂರು ವಾರದಿಂದ ಬಲಪಾದ ಕೆಂಪಗೆ ಊದಿದೆ, ಎರಡು ಸಲ ಆಂಟಿಬಯಾಟಿಕ್ ಮುಗಿದಿದೆ. "ಬ್ಯಾನಿ ಏನೂ ಇಲ್ರೀ ಡಾಕ್ಟರ, ಬಾವು ಅಷ್ಟ ಇಳೀವಲ್ದು" ಅಂದರು. ನೋವಿಲ್ಲದ್ದಕ್ಕೆ ಹೊಲದ ಕೆಲಸವೂ ನಿಂತಿರಲಿಲ್ಲ.

ನಾನು ಮೊದಲು ಹುಡುಕುವುದು ಗಾಯ. ಬೆರಳಸಂದಿ, ಹಿಮ್ಮಡಿಯ ಬಿರುಕು, ಆಣಿಯ ಅಡಿ ಎಲ್ಲ ನೋಡಬೇಕು. ಪಾದದ ಸೋಂಕು ಸಾಮಾನ್ಯವಾಗಿ ಇಂಥ ಬಾಗಿಲಿನಿಂದಲೇ ಒಳಹೊಕ್ಕಿರುತ್ತದೆ. ಇವರ ಚರ್ಮ ಪೂರ್ತಿ ಸರಿಯಿತ್ತು, ಜ್ವರ ಇರಲಿಲ್ಲ, ನಾಡಿ ಜೋರಾಗಿ ಸಿಕ್ಕಿತು. ಸ್ಪರ್ಶಜ್ಞಾನ ನೋಡುವ ನೈಲಾನ್ ಎಳೆ, 10 ಗ್ರಾಂ ಮೋನೊಫಿಲಮೆಂಟ್, ಒತ್ತಿದ್ದು ಮಾತ್ರ ಅಂಗಾಲಿನ ಎಲ್ಲೂ ಗೊತ್ತಾಗಲಿಲ್ಲ.

ಮಲಗಿಸಿ ಕಾಲನ್ನು ಎದೆಗಿಂತ ಮೇಲೆ ಹತ್ತು ನಿಮಿಷ ಇಟ್ಟಾಗ ಕೆಂಪು ಬಹುಪಾಲು ಇಳಿಯಿತು. ಸೋಂಕಿನ ಕೆಂಪು ಹೀಗೆ ಬೇಗ ಹೋಗುವುದು ಕಡಿಮೆ. ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎರಡೂ ಪಾದಗಳ ಅದೇ ಜಾಗ ಅಳೆದೆ: ಬಲಕ್ಕೆ 34.6, ಎಡಕ್ಕೆ 31.2 ಡಿಗ್ರಿ. 2 ಡಿಗ್ರಿ ದಾಟಿದರೆ ಅನುಮಾನ ಪಡಲೇಬೇಕು. ಚಪ್ಪಲಿ ಬಿಚ್ಚಿ ಕಾಲುಗಂಟೆ ಕೂರಿಸಿಯೇ ಅಳೆಯಬೇಕು. ಹಣೆ ನೋಡುವ ಥರ್ಮಾಮೀಟರ್ ಆದರೆ ಮೇಲ್ಮೈ ಉಷ್ಣತೆಯ ಮೋಡ್‌ಗೆ ಹಾಕಿ, ಇಲ್ಲವಾದರೆ ಅದು ಮೈಜ್ವರದ ಲೆಕ್ಕಕ್ಕೆ ತಿದ್ದಿದ ಅಂಕಿ ತೋರಿಸುತ್ತದೆ.

ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಪಾದದ ನಡುಭಾಗದ ಕೀಲಿನಲ್ಲಿ ಸಣ್ಣ ಸಂದು ಕಂಡಿತು. ಮಲಗಿಸಿ ತೆಗೆದಿದ್ದರೆ ಅದು ಮುಚ್ಚಿಹೋಗಿರಬಹುದಿತ್ತು. ಶುರುವಿನಲ್ಲಿ ಎಕ್ಸ್‌ರೇ ಏನೂ ತೋರಿಸದಿರುವುದೂ ಉಂಟು. ಅಷ್ಟಕ್ಕೇ ನಡೆಯಲು ಬಿಡಬಾರದು. ಎಂಆರ್‌ಐ ಸಿಗುವ ತನಕ ಶಾರ್ಕೋ ಎಂದೇ ಪ್ಲಾಸ್ಟರ್ ಕಟ್ಟು ಹಾಕುವುದು ನನ್ನ ರೂಢಿ. ಗಾಯವಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ: ಸೋಂಕು, ಶಾರ್ಕೋ ಎರಡೂ ಒಟ್ಟಿಗೇ ಇರಬಹುದು, ಗಾಯದೊಳಗೆ ಇಳಿಸಿದ ಪರೀಕ್ಷೆಯ ಕಡ್ಡಿ ಎಲುಬಿಗೆ ತಾಗಿದರೆ ಸೋಂಕನ್ನು ಮೊದಲು ಹಿಡಿಯಬೇಕು.

ಚಿಕಿತ್ಸೆ ಎಂದರೆ ಮೊಣಕಾಲಿನ ಕೆಳಗಿನಿಂದ ಬೆರಳವರೆಗೆ ಮೈಗಂಟಿದ ಕಟ್ಟು. ಬೆರಳಸಂದಿಗೆ ಹತ್ತಿ, ಎಲುಬು ಉಬ್ಬಿದಲ್ಲಿ ಮೆತ್ತೆ, ಹರಡು 90 ಡಿಗ್ರಿಯಲ್ಲಿ. ಕೆಡುವುದು ಮೊದಲ ವಾರದಲ್ಲೇ: ಬಾವು ಇಳಿದು ಕಟ್ಟು ಸಡಿಲಾಗಿ ಉಜ್ಜುತ್ತದೆ, ಮರಗಟ್ಟಿದ ಕಾಲಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ಏಳು ದಿನದೊಳಗೆ ಬಿಚ್ಚಿ ಹೊಸದು, ಆಮೇಲೆ ಒಂದೆರಡು ವಾರಕ್ಕೊಮ್ಮೆ. ಬಿಚ್ಚುವ ಬೂಟು ಕೊಟ್ಟರೆ ಬಚ್ಚಲಿಗೆ, ದೇವರಮನೆಗೆ ಹೋಗುವಾಗ ತೆಗೆದಿಟ್ಟೇ ಹೋಗುತ್ತಾರೆ, ಎಲುಬು ಮತ್ತೆ ಕುಸಿಯುತ್ತದೆ. ಪ್ರತಿ ಸಲ ಇನ್ನೊಂದು ಪಾದವನ್ನೂ ನೋಡುತ್ತೇನೆ, ಭಾರವೆಲ್ಲ ಅದರ ಮೇಲೆ ಬಿದ್ದಿರುತ್ತದೆ.

ಹಲವು ತಿಂಗಳು ಹಿಡಿಯುತ್ತದೆ. ಉಷ್ಣತೆಯ ಅಂತರ ಸತತವಾಗಿ 2 ಡಿಗ್ರಿಗಿಂತ ಕೆಳಗಿದ್ದು, ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆಯೇ ಅಳತೆಯ ಪಾದರಕ್ಷೆ, ಅದೂ ದಿನಕ್ಕೆ ಸ್ವಲ್ಪ ಹೊತ್ತು. ಮತ್ತೆ ಬಿಸಿಯೇರಿದರೆ ಅಂದೇ ಕಟ್ಟು.