ಹಿಸ್ಟಿಡಿನ್‌ನ pI: ಹಾಳೆಯಲ್ಲಿ ಕಂಡುಹಿಡಿದು, ಬ್ಯುರೆಟ್‌ನಲ್ಲಿ ತಾಳೆ ನೋಡುವುದು

ಐಸೊಎಲೆಕ್ಟ್ರಿಕ್ ಬಿಂದು, ಅಂದರೆ ಅಣುವಿನ ಸರಾಸರಿ ಚಾರ್ಜ್ ಸೊನ್ನೆಯಾಗುವ pH ಆದ pI, ಕಲಿಸಲು ನಾನು ಗ್ಲೈಸಿನ್ ಬಿಟ್ಟು ಹಿಸ್ಟಿಡಿನ್ ತೆಗೆದುಕೊಳ್ಳುತ್ತೇನೆ. ಗ್ಲೈಸಿನ್‌ಗೆ ಇರುವುದೇ ಎರಡು pKa. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಉತ್ತರ ಸರಿ ಬರುತ್ತದೆ, ಆದರೆ ಹಾಗೇಕೆ ಮಾಡಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಿಸ್ಟಿಡಿನ್‌ಗೆ ಮೂರಿವೆ: ಕಾರ್ಬಾಕ್ಸಿಲ್ 1.82, ಪಕ್ಕದ ಸರಪಳಿಯ ಇಮಿಡಜೋಲ್ ಉಂಗುರ 6.00, ಅಮೈನೋ ಗುಂಪು 9.17. ಯಾವ ಎರಡನ್ನು ಆರಿಸಬೇಕು ಎಂಬುದು ರೂಪಗಳನ್ನು ಬರೆಯದೆ ತಿಳಿಯದು.

ಹಾಗಾಗಿ ಲೆಕ್ಕಕ್ಕೆ ಮೊದಲು ಚಿತ್ರ. pH 1ರಿಂದ ಶುರುಮಾಡಿ, ಪ್ರೋಟಾನ್ ಹಿಡಿಯಬಲ್ಲ ಎಲ್ಲ ಜಾಗಗಳಲ್ಲೂ ಪ್ರೋಟಾನ್ ಇಟ್ಟು ಬರೆಯಿರಿ. ಆಮೇಲೆ pKa ಕಡಿಮೆ ಇರುವ ಗುಂಪಿನಿಂದ ಒಂದೊಂದಾಗಿ ತೆಗೆಯುತ್ತ ಹೋಗಿ. ಉಂಗುರವನ್ನು Im ಎಂದು ಬರೆದರೆ:

```
+2   H3N(+)–CH(CH2–ImH(+))–COOH
        pKa 1.82
+1   H3N(+)–CH(CH2–ImH(+))–COO(-)
        pKa 6.00
 0   H3N(+)–CH(CH2–Im)–COO(-)
        pKa 9.17
-1   H2N–CH(CH2–Im)–COO(-)
```

ಸೊನ್ನೆಯ ಸಾಲಿನ ಮೇಲೆ 6.00, ಕೆಳಗೆ 9.17. ಬೇಕಾದ ಎರಡು ಅವೇ: (6.00 + 9.17) ÷ 2 = 7.59. ಗ್ಲುಟಾಮಿಕ್ ಆಮ್ಲದಲ್ಲಿ (2.19, 4.25, 9.67) ಇದೇ ರೀತಿ ಬರೆದರೆ ಸೊನ್ನೆಯ ರೂಪ ಮೊದಲ ಎರಡರ ನಡುವೆ ಸಿಗುತ್ತದೆ. ಅಲ್ಲಿ pI 3.22.

ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 5.66 ಬರುತ್ತದೆ. ಅದು ತಪ್ಪು ಎಂದು ಹೇಳಿ ಬಿಡುವುದಕ್ಕಿಂತ ಆ pHನಲ್ಲಿ ಚಾರ್ಜ್ ಎಣಿಸಿಯೇ ತೋರಿಸುತ್ತೇನೆ. 5.66ರಲ್ಲಿ ಕಾರ್ಬಾಕ್ಸಿಲ್ ಹೆಚ್ಚುಕಡಿಮೆ ಪೂರ್ತಿ ಋಣ, ಅಮೈನೋ ಪೂರ್ತಿ ಧನ, ಅವೆರಡೂ ವಜಾ. ಉಂಗುರಗಳಲ್ಲಿ ಮಾತ್ರ ಸುಮಾರು ಶೇ. 69 ಇನ್ನೂ ಪ್ರೋಟಾನ್ ಹಿಡಿದುಕೊಂಡಿರುತ್ತವೆ. ಅಂದರೆ ಸರಾಸರಿ ಚಾರ್ಜ್ +0.69, ಸೊನ್ನೆಯ ಹತ್ತಿರವೂ ಇಲ್ಲ. 7.59ರಲ್ಲಿ ಎಣಿಸಿದರೆ ಧನ ರೂಪ ಶೇ. 2.5, ಋಣ ರೂಪವೂ ಶೇ. 2.5, ಉಳಿದದ್ದೆಲ್ಲ ಸೊನ್ನೆಯ ರೂಪ.

ಚಿತ್ರದಲ್ಲಿ ನಾನು ಮೊದಲು ಹುಡುಕುವ ತಪ್ಪು, ಒಂದೇ ಅಣುವಿನಲ್ಲಿ NH2 ಮತ್ತು COOH ಎರಡೂ ಇರುವುದು. ನೀರಿನಲ್ಲಿ ಯಾವ pHನಲ್ಲೂ ಅದು ಮುಖ್ಯ ರೂಪವಲ್ಲ. ಎರಡನೆಯದು ಉಂಗುರದಲ್ಲಿ. ತಟಸ್ಥ ಇಮಿಡಜೋಲ್‌ನ ಒಂದು ನೈಟ್ರೋಜನ್‌ಗೆ ಆಗಲೇ H ಇರುತ್ತದೆ, ಅದರ ಎಲೆಕ್ಟ್ರಾನ್ ಜೋಡಿ ಉಂಗುರದ ಆರೊಮ್ಯಾಟಿಕ್ ವ್ಯವಸ್ಥೆಗೆ ಸೇರಿಹೋಗಿದೆ. ಪ್ರೋಟಾನ್ ಬಂದು ಕೂರುವುದು H ಇಲ್ಲದ ಇನ್ನೊಂದು ನೈಟ್ರೋಜನ್ ಮೇಲೆ. ಒಂದೇ ನೈಟ್ರೋಜನ್‌ಗೆ ಎರಡು H ಬಿದ್ದಿದ್ದರೆ ಅಳಿಸಿ ಬರೆಯಿರಿ. ಇನ್ನು pH 6.0ರಲ್ಲಿ ರೂಪ ಬರೆಯಲು ಹೇಳಿದರೆ ಒಂದೇ ಚಿತ್ರ ಸಾಲದು: +1 ಮತ್ತು 0 ಎರಡನ್ನೂ ಬರೆದು ನಡುವೆ ಸಮತೋಲನದ ಬಾಣ ಹಾಕಬೇಕು, ಎರಡೂ ಅರ್ಧರ್ಧ ಇರುತ್ತವೆ.

ಲ್ಯಾಬ್‌ನಲ್ಲಿ ತಾಳೆ ನೋಡಲು ಹಿಸ್ಟಿಡಿನ್ ಮೊನೊಹೈಡ್ರೋಕ್ಲೋರೈಡ್ ಮೊನೊಹೈಡ್ರೇಟ್ 0.2096 ಗ್ರಾಂ ತೂಗುತ್ತೇನೆ, ಅದು 1 ಮಿಲಿಮೋಲ್. ಕುದಿಸಿ ಆರಿಸಿದ 50 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ pH 4ರ ಆಸುಪಾಸು ನಿಲ್ಲುತ್ತದೆ; ಅಲ್ಲಿರುವುದು +1 ರೂಪ. 0.1 M ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತ ಹೋದರೆ 5 ಮಿ.ಲೀ.ಗೆ ಸುಮಾರು 6, 10 ಮಿ.ಲೀ.ಗೆ ಸುಮಾರು 7.6, 15 ಮಿ.ಲೀ.ಗೆ ಸುಮಾರು 9.2. ಹತ್ತರ ಬಳಿ ಇಂಡಿಕೇಟರ್ ಬಣ್ಣ ತಿರುಗಿಸುವಂಥ ದೊಡ್ಡ ಜಿಗಿತ ಇರುವುದಿಲ್ಲ, ಇಳಿಜಾರು ಸ್ವಲ್ಪ ಕಡಿದಾಗುತ್ತದೆ ಅಷ್ಟೆ. ಅಲ್ಲಿ 0.1 ಮಿ.ಲೀ. ತಪ್ಪಿದರೆ pI 0.09ರಷ್ಟು ಸರಿಯುತ್ತದೆ.

ಮಂಗಳೂರಿನ ಮಳೆಗಾಲದಲ್ಲಿ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಮುಚ್ಚಳ ತೆರೆದಿಟ್ಟ ಹೈಡ್ರಾಕ್ಸೈಡ್ ಗುಳಿಗೆಗಳು ನೋಡನೋಡುತ್ತಲೇ ಮೈ ಒದ್ದೆ ಮಾಡಿಕೊಂಡು ಅಂಟತೊಡಗುತ್ತವೆ. 4 ಗ್ರಾಂ ತೂಗಿದರೂ ಅದರಲ್ಲಿ ನೀರಿನ ಪಾಲಿದೆ. ದ್ರಾವಣ ಶೇ. 5ರಷ್ಟು ದುರ್ಬಲವಾಗಿದ್ದರೂ 10 ಮಿ.ಲೀ.ನಲ್ಲಿ 7.2 ತೋರಿಸುತ್ತದೆ. ಗುಳಿಗೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಕಾರ್ಬೊನೇಟ್ ಆಗುತ್ತದೆ. ಕಾರ್ಬಾನಿಕ್ ಆಮ್ಲದ ಮೊದಲ pKa 6.35, ಉಂಗುರದ 6.00ಕ್ಕೆ ಅಂಟಿಕೊಂಡೇ ಇದೆ. ಎರಡೂ ಕಲೆತು ರೇಖೆ ಚಪ್ಪಟೆಯಾದರೆ ಆಮೇಲೆ ಬಿಡಿಸಲಾಗದು. ಅದಕ್ಕೇ ನೀರು ಕುದಿಸುವುದು, ಅದಕ್ಕೇ ಬಾಟಲಿಯ ತೂಕ ನಂಬದೆ ಅದೇ ದಿನ ಸ್ಟ್ಯಾಂಡರ್ಡೈಸ್ ಮಾಡುವುದು. 110 ಡಿಗ್ರಿಯಲ್ಲಿ ಒಣಗಿಸಿದ ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್ 0.2042 ಗ್ರಾಂಗೆ, ಫಿನಾಲ್ಫ್ತಲೀನ್ ಹಾಕಿದಾಗ, ಸರಿಯಾದ 0.1 M ದ್ರಾವಣ 10.0 ಮಿ.ಲೀ. ಹಿಡಿಯಬೇಕು. 10.5 ಹಿಡಿದರೆ ಹಿಸ್ಟಿಡಿನ್‌ಗೂ pI ಸಿಗುವುದು 10.5ರಲ್ಲೇ.

ಇಷ್ಟು ಮಾಡಿದ ಮೇಲೂ ಎ.ಸಿ. ಇಲ್ಲದ ಕೋಣೆಯಲ್ಲಿ 7.59ರ ಬದಲು 7.45 ಬಂದರೆ ಅದನ್ನು ತಿದ್ದಬೇಡಿ. ಪುಸ್ತಕದ pKaಗಳು 25 ಡಿಗ್ರಿಯವು. ಉಂಗುರದ್ದೂ ಅಮೈನೋದ್ದೂ ಡಿಗ್ರಿಗೆ ಸುಮಾರು 0.02ರಷ್ಟು ಇಳಿಯುತ್ತವೆ, 31 ಡಿಗ್ರಿಗೆ ಅಷ್ಟು ಕಡಿಮೆ ಬರಬೇಕಾದದ್ದೇ. ರೆಕಾರ್ಡ್‌ನಲ್ಲಿ 7.45 ಎಂದೇ ಬರೆದು ಪಕ್ಕದಲ್ಲಿ ದ್ರಾವಣದ ಉಷ್ಣಾಂಶ ನಮೂದಿಸಿ.