ಬಟನ್ ಒತ್ತಿದ್ದಕ್ಕೂ ಜಿಗಿದಿದ್ದಕ್ಕೂ ನಡುವೆ 38 ಫ್ರೇಮ್

ದೊಡ್ಡ ಟಿವಿ ತಂದ ಮೇಲೆ ನನ್ನ ಆಟ ಕೆಟ್ಟುಹೋಯಿತು. ಹಳೇ ಮಾನಿಟರ್‌ನಲ್ಲಿ ಸಲೀಸಾಗಿ ದಾಟುತ್ತಿದ್ದ ಕಂದಕಕ್ಕೆ ಈಗ ಮತ್ತೆ ಮತ್ತೆ ಬೀಳುತ್ತಿದ್ದೆ. ಅದೇ ಪಿಎಸ್5, ಅದೇ ಕಂಟ್ರೋಲರ್, ಅದೇ ಆಟ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಮ್ಮ ಹೇಳಿದ: "ಅಣ್ಣ, ನೀನು ಒತ್ತಿದ ಮೇಲೆ ಅದು ಸ್ವಲ್ಪ ಯೋಚನೆ ಮಾಡಿ ಜಿಗಿಯುತ್ತೆ."

ಅಳೆದು ನೋಡೋಣ ಅಂದುಕೊಂಡೆ. ಅದಕ್ಕೆ ವಿಶೇಷ ಸಲಕರಣೆ ಬೇಕಿಲ್ಲ, ಸ್ಲೋ ಮೋಷನ್ ಇರುವ ಫೋನ್ ಸಾಕು. ನನ್ನ ಫೋನ್ ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತದೆ. ಅಂದರೆ ಒಂದೊಂದು ಫ್ರೇಮ್ ಸುಮಾರು 4.2 ಮಿಲಿಸೆಕೆಂಡ್. ಕಂಟ್ರೋಲರನ್ನು ಟಿವಿಯ ಮುಂದೆ ಹಿಡಿದೆ. ನನ್ನ ಹೆಬ್ಬೆರಳೂ ಪರದೆಯ ಮೇಲಿನ ಪಾತ್ರವೂ ಒಟ್ಟಿಗೆ ಕಾಣುವ ಹಾಗೆ ತಮ್ಮ ವಿಡಿಯೋ ಮಾಡಿದ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆವು. ಬಟನ್ ಪೂರ್ತಿ ಕೆಳಗೆ ಹೋದ ಫ್ರೇಮಿನಿಂದ ಪಾತ್ರದ ಪಾದ ನೆಲ ಬಿಟ್ಟ ಫ್ರೇಮಿನವರೆಗೆ. ಹತ್ತು ಸಲ ಜಿಗಿದು ಸರಾಸರಿ ತೆಗೆದರೆ 38 ಫ್ರೇಮ್, ಸುಮಾರು 158 ಮಿಲಿಸೆಕೆಂಡ್.

ಇದಿಷ್ಟೂ ಟಿವಿಯ ತಪ್ಪಲ್ಲ. ಕಂಟ್ರೋಲರ್ ತಗೊಳ್ಳುವ ಸಮಯ, ಆಟ ತಾನೇ ಲೆಕ್ಕ ಹಾಕಿ ಚಿತ್ರ ಬಿಡಿಸುವ ಸಮಯ, ಎಲ್ಲವೂ ಇದರಲ್ಲಿ ಸೇರಿದೆ. ಹಾಗಾಗಿ ಒಂದು ಸಲ ಅಳೆದ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಅದೇ ಆಟದ ಅದೇ ಜಾಗದಲ್ಲಿ, ಒಂದೇ ಒಂದು ಸೆಟ್ಟಿಂಗ್ ಬದಲಿಸಿ ಮತ್ತೆ ಅಳೆದಾಗ ಬರುವ ವ್ಯತ್ಯಾಸವೇ ನಮಗೆ ಬೇಕಾದದ್ದು.

ಮೊದಲು ಬದಲಿಸಿದ್ದು ಚಿತ್ರದ ಮೋಡ್. ಸಿನಿಮಾ ಮೋಡ್‌ನಿಂದ ಗೇಮ್ ಮೋಡ್‌ಗೆ ಹಾಕಿದೆ. 38 ಇದ್ದದ್ದು 21ಕ್ಕೆ ಇಳಿಯಿತು. 17 ಫ್ರೇಮ್ ಅಂದರೆ ಸುಮಾರು 70 ಮಿಲಿಸೆಕೆಂಡ್, ಒಂದೇ ಸೆಟ್ಟಿಂಗ್‌ನಿಂದ! ಕಾರಣ ಸರಳ. ಚಲನೆಯನ್ನು ನಯ ಮಾಡುವ ಸೌಲಭ್ಯ ಎರಡು ಫ್ರೇಮ್‌ಗಳ ನಡುವೆ ತಾನೇ ಒಂದು ಫ್ರೇಮ್ ಕಟ್ಟುತ್ತದೆ. ನಡುವಿನದನ್ನು ಕಟ್ಟಬೇಕಾದರೆ ಮುಂದಿನದು ಕೈಗೆ ಬರಬೇಕು. ಅಲ್ಲಿವರೆಗೆ ಹಿಂದಿನದನ್ನು ತೋರಿಸದೆ ಹಿಡಿದಿಟ್ಟುಕೊಳ್ಳಬೇಕು. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ, ಕೈಯಲ್ಲಿ ಕಂಟ್ರೋಲರ್ ಇದ್ದಾಗ ಗೊತ್ತಾಗುತ್ತದೆ. ಕೆಲವು ಟಿವಿಗಳಲ್ಲಿ ಗೇಮ್ ಮೋಡ್‌ನ ಒಳಗೂ ಇಂಥದ್ದೇ ಒಂದು ನಯ ಮಾಡುವ ಆಯ್ಕೆ ಇರುತ್ತದೆ. ನಾನು ಅದನ್ನೂ ಆಫ್ ಮಾಡಿದೆ.

ಕಂದಕ ದಾಟುವುದು ಮತ್ತೆ ಸುಲಭವಾಯಿತು. ಆದರೆ ಇನ್ನೊಂದು ತೊಂದರೆ ಉಳಿದಿತ್ತು. ಸ್ಫೋಟಗಳು ಜಾಸ್ತಿ ಇರುವ ಜಾಗದಲ್ಲಿ ಕ್ಯಾಮೆರಾ ತಿರುಗಿಸಿದರೆ ಚಿತ್ರ ಎಡವಿದ ಹಾಗೆ ಆಗುತ್ತಿತ್ತು, ಕೈಗೂ ಭಾರ ಅನ್ನಿಸುತ್ತಿತ್ತು. ವಿಆರ್‌ಆರ್, ಅಂದರೆ ವೇರಿಯಬಲ್ ರಿಫ್ರೆಶ್ ರೇಟ್, ಬೇಕಾಗುವುದು ಇಲ್ಲೇ.

60 ಹರ್ಟ್ಸ್‌ನಲ್ಲಿ ಟಿವಿ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರಕ್ಕೆ ಬಾಗಿಲು ತೆರೆಯುತ್ತದೆ ಅಂದುಕೊಳ್ಳಿ. ಕನ್ಸೋಲ್ ಒಂದು ಫ್ರೇಮನ್ನು 16 ಮಿಲಿಸೆಕೆಂಡಿನಲ್ಲಿ ಮುಗಿಸಿದರೆ ಸರಿಹೋಯಿತು. ಅದೇ 18 ತಗೊಂಡರೆ? ಬಾಗಿಲು ಆಗಲೇ ಮುಚ್ಚಿದೆ. ಮುಂದಿನದು ತೆರೆಯುವುದು 33.3ಕ್ಕೆ. ತಡವಾದದ್ದು ಒಂದು ಚೂರು, ಕಾದದ್ದು 15 ಮಿಲಿಸೆಕೆಂಡ್. ಅಷ್ಟು ಹೊತ್ತು ಹಳೇ ಚಿತ್ರವೇ ಪರದೆಯ ಮೇಲೆ ನಿಂತಿರುತ್ತದೆ. ಆ ಎಡವುವಿಕೆ ಇದೇ. ವಿಆರ್‌ಆರ್ ಆನ್ ಇದ್ದರೆ ಟಿವಿ ತನ್ನ ಗಡಿಯಾರ ಬಿಟ್ಟು ಕನ್ಸೋಲ್‌ಗಾಗಿ ಕಾಯುತ್ತದೆ. ಫ್ರೇಮ್ 18ಕ್ಕೆ ಸಿದ್ಧವಾದರೆ 18ಕ್ಕೇ ತೋರಿಸುತ್ತದೆ. ಹಾಗಾಗಿ ಆಟ ತಡವರಿಸುವ ಕ್ಷಣಗಳಲ್ಲೇ ಇದರ ಲಾಭ ಜಾಸ್ತಿ. ಒಂದೂ ಫ್ರೇಮ್ ಬಿಡದೆ ಓಡುವ ಆಟದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ.

ಪಿಎಸ್5ಗೆ ಈ ಸೌಲಭ್ಯ ಬಂದದ್ದು 2022ರ ಏಪ್ರಿಲ್‌ನಲ್ಲಿ. Settings, Screen and Video, Video Output ಒಳಗೆ VRR ಅಂತ ಇರುತ್ತದೆ. ನಾನು ಹೋಗಿ ನೋಡಿದರೆ ಆನ್ ಮಾಡಲು ಬಿಡುತ್ತಲೇ ಇಲ್ಲ. ಟಿವಿ ಕೊಳ್ಳುವಾಗ ಇದನ್ನೇ ಕೇಳಿ ತಂದಿದ್ದೆ, ಆದ್ದರಿಂದ ತುಂಬ ಬೇಜಾರಾಯಿತು.

ಎರಡು ಕಡೆ ತಡೆ ಇತ್ತು. ಕನ್ಸೋಲ್‌ನ ಕೇಬಲ್ ಮೊದಲು ಸೌಂಡ್‌ಬಾರ್‌ಗೆ ಹೋಗಿ, ಅಲ್ಲಿಂದ ಟಿವಿಗೆ ಬರುತ್ತಿತ್ತು. ನಡುವೆ ಕೂತ ಸಾಧನಕ್ಕೆ ವಿಆರ್‌ಆರ್ ಗೊತ್ತಿಲ್ಲದಿದ್ದರೆ ಟಿವಿಗೆ ಗೊತ್ತಿದ್ದೂ ಉಪಯೋಗವಿಲ್ಲ. ಕೇಬಲ್ ಬಿಚ್ಚಿ ನೇರವಾಗಿ ಟಿವಿಗೆ ಹಾಕಿದೆ. ಸೌಂಡ್‌ಬಾರ್‌ಗೆ ಧ್ವನಿ ಟಿವಿಯ ಇಎಆರ್‌ಸಿ ಪೋರ್ಟ್‌ನಿಂದ ಹೋಗುವ ಹಾಗೆ ಮಾಡಿದೆ. ಆದರೂ ಆಗಲಿಲ್ಲ. ಟಿವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿದಾಗ ಎರಡನೇ ತಡೆ ಸಿಕ್ಕಿತು. ನಾಲ್ಕು ಪೋರ್ಟ್‌ಗಳಲ್ಲಿ ಎರಡಕ್ಕೆ ಮಾತ್ರ 4K 120Hz ಅಂತ ಬರೆದಿತ್ತು. ಅದರಲ್ಲಿ ಒಂದು ಈಗ ಸೌಂಡ್‌ಬಾರ್‌ಗೆ ಹೋಗಿದೆ. ಕನ್ಸೋಲ್ ಇದ್ದದ್ದು ಸಾದಾ ಪೋರ್ಟ್‌ನಲ್ಲಿ. ಉಳಿದ ಒಂದಕ್ಕೆ ಬದಲಿಸಿ, ಟಿವಿಯ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ಆ ಪೋರ್ಟ್‌ನ ಸಿಗ್ನಲ್ ಮಟ್ಟವನ್ನು ಹೆಚ್ಚಿನದಕ್ಕೆ ಏರಿಸಿದೆ. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. VRR ಆಯ್ಕೆ ತೆರೆದುಕೊಂಡಿತು. ಕೇಬಲ್ ಮಾತ್ರ ಕನ್ಸೋಲ್ ಜೊತೆ ಬಂದದ್ದನ್ನೇ ಬಳಸಿದೆ.

ಪೋರ್ಟ್ ಬದಲಿಸಿದವರು ಒಂದು ಮರೆಯಬೇಡಿ. ನನ್ನ ಟಿವಿಯಲ್ಲಿ ಚಿತ್ರದ ಸೆಟ್ಟಿಂಗ್ ಒಂದೊಂದು ಪೋರ್ಟ್‌ಗೂ ಬೇರೆ. ಹೊಸ ಪೋರ್ಟ್ ಮತ್ತೆ ಸಿನಿಮಾ ಮೋಡ್‌ನಲ್ಲೇ ಇತ್ತು. ಎಎಲ್‌ಎಲ್‌ಎಂ ಆನ್ ಮಾಡಿದ ಮೇಲೆ ಆ ಕಾಟ ತಪ್ಪಿತು. ಆಟ ಶುರುವಾದಾಗ ಕನ್ಸೋಲೇ ಟಿವಿಗೆ ಗೇಮ್ ಮೋಡ್‌ಗೆ ಹೋಗು ಅಂತ ಹೇಳುತ್ತದೆ.

ವಿಆರ್‌ಆರ್ ನಿಜಕ್ಕೂ ನಡೆಯುತ್ತಿದೆಯಾ ಅಂತ ತಿಳಿಯಲು ಟಿವಿಯ ಗೇಮ್ ಮೆನುವಿನಲ್ಲಿ ರಿಫ್ರೆಶ್ ಅಂಕಿ ನೋಡುತ್ತೇನೆ. ಗದ್ದಲದ ಜಾಗದಲ್ಲಿ ಅದು 59, 54, 57 ಅಂತ ಕುಣಿಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಆಟ ತಡವರಿಸಿದರೂ ಒಂದೇ ಅಂಕಿಯಲ್ಲಿ ಗಟ್ಟಿ ನಿಂತಿದ್ದರೆ ಆ ಆಟಕ್ಕೆ ಅದು ತಾಗಿಲ್ಲ. ಆಗ VRR ಪುಟದಲ್ಲೇ ಇರುವ Apply to Unsupported Games ಆನ್ ಮಾಡಿ ನೋಡಬಹುದು.

ಮಿತಿಯೂ ಇದೆ. ಪಿಎಸ್5ನಲ್ಲಿ ವಿಆರ್‌ಆರ್ ಕೆಲಸ ಮಾಡುವುದು 48ರಿಂದ 120 ಹರ್ಟ್ಸ್ ಒಳಗೆ. ನನಗಿಷ್ಟವಾದ ಒಂದು ಆಟ ಕ್ವಾಲಿಟಿ ಮೋಡ್‌ನಲ್ಲಿ ಸೆಕೆಂಡಿಗೆ 42ರಿಂದ 50 ಫ್ರೇಮ್‌ಗಳ ನಡುವೆ ಓಡುತ್ತದೆ. 50 ಇದ್ದಾಗ ಬೆಣ್ಣೆಯ ಹಾಗೆ ಜಾರುತ್ತದೆ, 48ರ ಕೆಳಗೆ ಇಳಿದ ಕೂಡಲೇ ಮತ್ತೆ ಎಡವುತ್ತದೆ. ಈ ಹೋಗಿ ಬರುವುದು ಮೊದಲಿಗಿಂತ ಕಣ್ಣಿಗೆ ಹೆಚ್ಚು ಚುಚ್ಚಿತು. ಕೆಲವು ಆಟಗಳು ಒಂದೇ ಫ್ರೇಮನ್ನು ಎರಡು ಸಲ ಕಳಿಸಿ 42ನ್ನು 84 ಮಾಡಿ ಇದರಿಂದ ಪಾರಾಗುತ್ತವೆ. ಈ ಆಟ ಹಾಗೆ ಮಾಡುವುದಿಲ್ಲ. ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿದೆ. ಎಲೆ ಹುಲ್ಲು ಕೊಂಚ ಮಸುಕಾದವು, ಆದರೆ ಫ್ರೇಮ್ 55ರ ಕೆಳಗೆ ಇಳಿಯಲಿಲ್ಲ. ನಾನಂತೂ ಯಾವಾಗಲೂ ಇದನ್ನೇ ಆರಿಸುತ್ತೇನೆ.

ಕೊನೆಗೆ ಅದೇ ಕಂದಕದ ಹತ್ತಿರ ಮತ್ತೆ ಫೋನ್ ಹಿಡಿದು ಎಣಿಸಿದೆವು. 20 ಫ್ರೇಮ್. 21ಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ, ಅಲ್ಲಿ ಆಟ ತಡವರಿಸುವುದೇ ಇಲ್ಲವಲ್ಲ. ಸ್ಫೋಟಗಳ ಜಾಗದಲ್ಲಿ ಮಾತ್ರ ಕೈ ಹಗುರಾದದ್ದು ಎಣಿಸದೆಯೇ ಗೊತ್ತಾಯಿತು.

ಒಂದು ಆಟದಲ್ಲಿ ಮಾತ್ರ ವಿಆರ್‌ಆರ್ ಆಫ್ ಮಾಡಿಯೇ ಆಡುತ್ತೇನೆ. ಅದರಲ್ಲಿ ಪೂರ್ತಿ ಕತ್ತಲ ಗುಹೆಗಳು. ನನ್ನದು ಓಎಲ್‌ಇಡಿ ಪರದೆ. ರಿಫ್ರೆಶ್ ವೇಗ ಮೇಲೆ ಕೆಳಗೆ ಆದಾಗ ಕಪ್ಪಿಗೆ ಹತ್ತಿರದ ಬೂದು ಬಣ್ಣಗಳ ಹೊಳಪೂ ಚೂರು ಏರಿಳಿಯುತ್ತದೆ. ಗುಹೆಯ ಗೋಡೆ ಹಣತೆಯ ಬೆಳಕಿನಲ್ಲಿ ನಡುಗಿದ ಹಾಗೆ ಮಿಣುಕುತ್ತದೆ. ಟಿವಿ ಕೆಟ್ಟಿತೇನೋ ಅಂತ ಮೊದಲ ದಿನ ಹೆದರಿದ್ದೆ. ವಿಆರ್‌ಆರ್ ಆಫ್ ಮಾಡಿದ ಕ್ಷಣವೇ ಗೋಡೆ ಸ್ಥಿರವಾಯಿತು.