ರಕ್ತನಾಳದ ಒಳಪದರ ಚೆನ್ನಾಗಿದೆಯಾ? ಪಟ್ಟಿ ಕಟ್ಟಿ ನೋಡುವ ಬಗೆ

ಬಿಪಿ ಪಟ್ಟಿ ಅಂದಕೂಡಲೇ ಕೈ ತಾನಾಗಿ ರೆಟ್ಟೆಗೆ ಹೋಗುತ್ತದೆ. ಪಟ್ಟಿ ಬಿಗಿದು ಬಿಟ್ಟಮೇಲೆ ರೆಟ್ಟೆಯ ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ನೋಡುವ ಈ ಪರೀಕ್ಷೆ ಕೆಡುವುದೇ ಅಲ್ಲಿಂದ. ಇದರಲ್ಲಿ ಪಟ್ಟಿ ಮೊಣಕೈ ಕೆಳಗೆ ಕಟ್ಟಬೇಕು, ಅಲ್ಟ್ರಾಸೌಂಡ್ ಪ್ರೋಬ್ ಮೊಣಕೈ ಮೇಲೆ ಇಡಬೇಕು. ರೆಟ್ಟೆಗೇ ಕಟ್ಟಿದರೆ ನಾವು ಅಳೆಯುವ ನಾಳಕ್ಕೇ ರಕ್ತ ತಪ್ಪುತ್ತದೆ. ಆಮೇಲೆ ಅದು ಹಿಗ್ಗಿದ್ದು ಯಾವ ಕಾರಣಕ್ಕೆ ಅಂತ ಹೇಳಲಾಗದು.

ತಯಾರಿ ಸುಲಭ. ಕನಿಷ್ಠ 6 ಗಂಟೆ ಹಸಿದ ಹೊಟ್ಟೆ. ಕಾಫಿ, ಬೀಡಿ, ಗುಟ್ಕಾ ಬೇಡ. ಹತ್ತು ನಿಮಿಷ ಸುಮ್ನೆ ಮಲಗಿರಬೇಕು.

ಮೊದಲು ನಾಳದ ಅಗಲ ಅಳೆದುಕೊಳ್ಳಿ. ನಂತರ ಮೇಲಿನ ಬಿಪಿಗಿಂತ 50 ಹೆಚ್ಚು ಒತ್ತಡ ಬರುವಷ್ಟು ಗಾಳಿ ತುಂಬಿ, 5 ನಿಮಿಷ ಹಾಗೇ ಬಿಡಿ. ಕೈ ಜೋಮು ಹಿಡಿಯುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಈಗ ಕಷ್ಟದ ಭಾಗ. ಗಾಳಿ ಬಿಟ್ಟಕೂಡಲೇ ರಕ್ತ ನುಗ್ಗುತ್ತದೆ. ಆ ಉಜ್ಜಾಟ ನಾಳದ ಒಳಪದರಕ್ಕೆ, ಅಂದರೆ ಎಂಡೋಥೀಲಿಯಂಗೆ, ಗೊತ್ತಾಗುತ್ತದೆ. ಒಂದೇ ಜೀವಕೋಶದಷ್ಟು ದಪ್ಪದ ಆ ಪದರ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಅನಿಲ ತಯಾರಿಸುತ್ತದೆ. ಅನಿಲ ಪಕ್ಕದ ಸ್ನಾಯುವಿಗೆ ಇಳಿದು ಅದನ್ನು ಸಡಿಲಿಸುತ್ತದೆ. ಇದಕ್ಕೆಲ್ಲ ಸಮಯ ಬೇಕು. ರಕ್ತದ ರಭಸ ಮೊದಲ ಕೆಲವು ಸೆಕೆಂಡಿನಲ್ಲೇ ತುದಿ ಮುಟ್ಟಿ ಇಳಿಯತೊಡಗುತ್ತದೆ, ನಾಳ ಹಿಗ್ಗುವುದು ಸಾಮಾನ್ಯವಾಗಿ ಒಂದು ನಿಮಿಷದ ಹತ್ತಿರ, ಕೆಲವರಲ್ಲಿ ಇನ್ನೂ ತಡವಾಗಿ. ಇಪ್ಪತ್ತನೇ ಸೆಕೆಂಡಿಗೆ ಅಳೆದು ಎದ್ದು ಹೋದವರನ್ನು ನೋಡಿದ್ದೇನೆ. 3 ನಿಮಿಷ ರೆಕಾರ್ಡ್ ಮಾಡಿ. ಪ್ರೋಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈಯಲ್ಲಿ ಹಿಡಿಯಲೇಬೇಡಿ. 4 ಮಿಲಿಮೀಟರ್ ನಾಳದಲ್ಲಿ 0.1 ತಪ್ಪಿದರೂ ಶೇ 2.5ರಷ್ಟು ವ್ಯತ್ಯಾಸ ಬರುತ್ತದೆ.

ಒಬ್ಬ ಸಿಗರೇಟು ಸೇದುವವರ ಲೆಕ್ಕ ನೋಡಿ. ಮೊದಲು 4.00, ಹಿಗ್ಗಿದಾಗ 4.08. ಹೆಚ್ಚಿದ್ದು 0.08, ಅಂದರೆ ಶೇ 2. ಅದೇ ಅಳತೆಯ ನಾಳವಿದ್ದ, ಸೇದದ ಇನ್ನೊಬ್ಬರಲ್ಲಿ 4.28, ಅಂದರೆ ಶೇ 7. ಇಷ್ಟಿದ್ದರೆ ಸರಿ ಅನ್ನುವ ಒಂದೇ ಗೆರೆ ಇಲ್ಲ. ವಯಸ್ಸು, ನಾಳದ ಅಗಲ, ಲ್ಯಾಬಿನ ಪದ್ಧತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಸ್ನಾಯುವೇ ಬಿಗಿಯಾಗಿರಬಹುದಲ್ವಾ? ಅದಕ್ಕೆ ಸ್ವಲ್ಪ ಹೊತ್ತು ಬಿಟ್ಟು ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಇಟ್ಟು ಮತ್ತೆ ಅಳೆಯುತ್ತೇವೆ. ಬಿಪಿ ಕಡಿಮೆ ಇರುವವರಿಗೆ, ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ ನುಂಗಿದವರಿಗೆ ಕೊಡಬಾರದು. ನೈಟ್ರೋಗ್ಲಿಸರಿನ್ ಒಳಪದರದ ಹಂಗಿಲ್ಲದೆ ಸ್ನಾಯುವಿಗೆ ನೈಟ್ರಿಕ್ ಆಕ್ಸೈಡ್ ಮುಟ್ಟಿಸುತ್ತದೆ. ಆ ಸಿಗರೇಟು ಸೇದುವವರ ನಾಳ ಇದರಿಂದ 4.64ಕ್ಕೆ ಹಿಗ್ಗಿತು. ಅಂದರೆ ಸ್ನಾಯು ಚೆನ್ನಾಗಿದೆ, ಕೈಕೊಟ್ಟದ್ದು ಒಳಪದರ.

ಹೊಗೆ, ಸಕ್ಕರೆ ಕಾಯಿಲೆ, ಏರಿದ ಬಿಪಿ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಸೂಪರಾಕ್ಸೈಡ್ ಎಂಬ ಚುರುಕು ಆಮ್ಲಜನಕದ ಕಣವನ್ನು ಹೆಚ್ಚಿಸುತ್ತವೆ. ಅದು ನೈಟ್ರಿಕ್ ಆಕ್ಸೈಡನ್ನು ಸ್ನಾಯು ಮುಟ್ಟುವ ಮೊದಲೇ ಕಬಳಿಸುತ್ತದೆ. ಇದೇ ಅನಿಲ ರಕ್ತದ ಕಡೆಗೂ ಹರಡಿ, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟದಂತೆ ತಡೆಯುತ್ತಿರುತ್ತದೆ. ಹಾಗಾಗಿ ನಾಳ ಬಿಗಿಯುವುದೂ ಹೆಪ್ಪು ಕಟ್ಟುವುದೂ ಜೊತೆಜೊತೆಗೇ ಬರುತ್ತವೆ.

ಇದಕ್ಕೆ ಆರ್ಜಿನೈನ್ ಪುಡಿ ಕುಡಿದರಾಯ್ತು ಅನ್ನುವವರಿದ್ದಾರೆ. ಹೃದಯಾಘಾತವಾದವರಿಗೆ ಅದನ್ನು ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪುಡಿ ತಿಂದವರಲ್ಲಿ 6 ಜನ ಸತ್ತರು, ತಿನ್ನದವರಲ್ಲಿ ಯಾರೂ ಸಾಯಲಿಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.